ವಿಲನ್‌ನ ಕಂಡ್ರೆ ಎಲ್ಲರಿಗೂ ಪಾಪ ಅನ್ನಿಸ್ತಿದೆ, ಭಯ ಮಾತ್ರ ಯಾರಿಗೂ ಆಗ್ತಿಲ್ಲ

ಕೊನೆಮೈಲು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆ, ಸಿರವಾರ ಕಡೆಯವನು. ಒಂದು ಕಾದಂಬರಿ ಬರೀತಾ ಇದ್ದೇನೆ. ಅರ್ಧ ಆಗಿ ನಿಂತಿದೆ. ನಿಲ್ಲೋಕೆ ಕಾರಣ ನನ್ನ ವಿಲನ್.

ಅವನ ಹೆಸರು ಶೇಖರಪ್ಪ, ವಯಸ್ಸು 52. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರು. ಆರು ಎಕರೆ ಹೊಲ. ಕಾಲುವೆ ದಾಖಲೆಯಲ್ಲಿ ಅದು ನೀರಾವರಿ ಜಮೀನು, ನೀರು ಮಾತ್ರ ಬರಲ್ಲ. ಮೇಲಿನವರು ಭತ್ತಕ್ಕೆ ಪಂಪ್‌ಸೆಟ್ ಇಟ್ಟು ಎಳೀತಾರೆ, ಇವನ ಉಪಕಾಲುವೆಗೆ ಬರೋ ಹೊತ್ತಿಗೆ ಪಾದ ಮುಳುಗೋಷ್ಟು ನೀರಿರುತ್ತೆ. ಇಪ್ಪತ್ತು ವರ್ಷ ಅರ್ಜಿ ಕೊಟ್ಟಿದ್ದಾನೆ, ಧರಣಿ ಕೂತಿದ್ದಾನೆ. ತಮ್ಮ ವಿಷ ಕುಡಿದು ಸತ್ತಿದ್ದಾನೆ. ಕೊನೆಗೆ ಸಿಟ್ಟಾಗಿ, ಮೇಲ್ಭಾಗದಲ್ಲಿ ಕಾಲುವೆ ದಂಡೆ ಒಡೆಯೋಕೆ ಹೊರಡ್ತಾನೆ. ಇದು ಕಥೆ.

ಆರು ಜನಕ್ಕೆ ಓದೋಕೆ ಕೊಟ್ಟೆ. ಆರೂ ಜನ ಅವನ ಪರ. ನಮ್ಮ ಚಿಕ್ಕಪ್ಪ ಅಂತೂ "ಒಡೀಲಿ ಬಿಡೋ, ಒಂದ್ಸಲ ಗೊತ್ತಾಗಲಿ" ಅಂದ್ರು. ಹೀರೋ ಆಗಿರೋ ಯುವ ಇಂಜಿನಿಯರ್‌ನ ಯಾರೂ ಕೇಳೋರಿಲ್ಲ. ಸರಿ ಅಂತ ಶೇಖರಪ್ಪ ಒಬ್ಬ ಗ್ಯಾಂಗ್‌ಮನ್‌ಗೆ ರಕ್ತ ಬರೋ ಹಾಗೆ ಹೊಡೆಯೋ ಸೀನ್ ಸೇರಿಸಿದೆ. ಈಗ ಅದೇ ಆರು ಜನ "ಇವನಿಗೆ ಇದ್ದಕ್ಕಿದ್ದ ಹಾಗೆ ಏನಾಯ್ತು?" ಅಂತಾರೆ. ಭಯ ಇನ್ನೂ ಆಗಿಲ್ಲ, ಇದ್ದ ನಂಬಿಕೇನೂ ಹೋಯ್ತು.

ಅವನ ನೋವೂ ಅರ್ಥ ಆಗಬೇಕು, ಅವನು ಬಂದ ಅಂದ್ರೆ ಎದೆ ಧಸಕ್ ಅನ್ನಬೇಕು. ಎರಡೂ ಒಟ್ಟಿಗೆ ಹೇಗೆ?

ಸೀನ ಬಳ್ಳಾರಿ

ಬ್ರೋ, ತುಂಬಾ ಸಿಂಪಲ್. ನೀವು ಫ್ಲ್ಯಾಶ್‌ಬ್ಯಾಕ್ ಮೊದಲೇ ಹೇಳಿಬಿಟ್ಟಿದ್ದೀರಿ. ತಮ್ಮ ಸತ್ತ ಕಥೆ ಇಂಟರ್ವಲ್ ಆದಮೇಲೆ ಬರಬೇಕು. ಮೊದಲನೇ ಸೀನಲ್ಲೇ ಒಂದು ಕೊಲೆ ಮಾಡಿಸಿ. ಕಡಿಮೆ ಮಾತು, ಒಂದು ಕೆಟ್ಟ ಅಭ್ಯಾಸ, ಕೈಯಲ್ಲಿ ಏನಾದ್ರೂ ಒಂದು ವಸ್ತು. ಜನ ಮೊದಲು ಹೆದರಬೇಕು, ಆಮೇಲೆ ಅಳಬೇಕು. ಉಲ್ಟಾ ಮಾಡಿದ್ರೆ ವಿಲನ್ ಹೋಗಿ ಚಿಕ್ಕಪ್ಪ ಆಗ್ತಾನೆ.

ಗಂಗಾವತಿ ಭತ್ತ

ಸ್ವಲ್ಪ ಇರಿ. ಮೇಲ್ಭಾಗದವರೆಲ್ಲ ನೀರು ಕಳ್ಳರು ಅಂತ ಬರೀತಾ ಇದ್ದೀರಾ? ನಮ್ಮದೂ ಸಾಲ ಇದೆ, ನಮ್ಮದೂ ಬೆಳೆ ಹೋಗುತ್ತೆ. ಗಂಗಾವತಿ, ಕಾರಟಗಿ ಭತ್ತ ಇಲ್ಲದಿದ್ರೆ ನೀವು ಊಟ ಏನ್ ಮಾಡ್ತೀರಿ? ಇಂಥ ಕಥೆ ಬರೆದು ಊರೂರಿಗೆ ಜಗಳ ಹಚ್ಚಬೇಡಿ.

ಕೊನೆಮೈಲು

ಅಣ್ಣಾ, ತಪ್ಪು ತಿಳ್ಕೋಬೇಡಿ. ನನ್ನ ಕಥೇಲಿ ವಿಲನ್ ಕೊನೆ ಭಾಗದವನು. ಅಂದ್ರೆ ನಮ್ಮ ಕಡೆಯವನೇ.

ಗಂಗಾವತಿ ಭತ್ತ

ಹಾಂ? ಹಾಗಾದ್ರೆ ಓದ್ತೀನಿ.

ನಿವೃತ್ತ ಕಾಲುವೆ

ನಾನು ಈ ಕಾಲುವೆ ಮೇಲೆ 31 ವರ್ಷ ಕೆಲಸ ಮಾಡಿದವನು. ಕಥೆ ಗಿಥೆ ನನಗೆ ತಿಳಿಯಲ್ಲ, ಆದರೆ ಒಂದು ವಿಷಯ ಹೇಳಲೇಬೇಕು.

ಕಾಲುವೆ ಒಡೆದರೆ ನಾವು ಮೊದಲು ಮಾಡೋ ಕೆಲಸ ಏನು? ಮೇಲಿಂದ ನೀರು ಇಳಿಸೋದು. ಒಡೆದ ಜಾಗ ಒಣಗದೆ ಮಣ್ಣು ನಿಲ್ಲಲ್ಲ. ರಿಪೇರಿ ಮುಗಿಯೋವರೆಗೆ ಅಲ್ಲಿಂದ ಕೆಳಗೆ ಎಲ್ಲರಿಗೂ ಬಂದ್. ಆಮೇಲೆ ಬಿಟ್ಟರೂ ಮೇಲಿನವರೇ ಮೊದಲು ತುಂಬಿಸಿಕೊಳ್ಳೋದು. ಕಾಲುವೆ 227 ಕಿಲೋಮೀಟರ್ ಉದ್ದ ಇದೆ, ಕೊನೆಗೆ ನೀರು ಮುಟ್ಟೋಕೇ ದಿನಗಳು ಬೇಕು. ಅಂದ್ರೆ ನಿಮ್ಮ ಶೇಖರಪ್ಪ ಗುದ್ದಲಿ ಹಾಕೋದು ಸ್ವಂತ ಊರಿನ ಹೊಟ್ಟೆ ಮೇಲೆ. ಇಪ್ಪತ್ತು ವರ್ಷ ಕಾಲುವೆ ನೋಡಿದವನಿಗೆ ಇದು ಗೊತ್ತಿಲ್ವಾ? ನನ್ನ ಹತ್ತಿರ ಅರ್ಜಿ ತಂದುಕೊಡ್ತಿದ್ದ ಕೊನೆ ಭಾಗದ ರೈತರಿಗೆ ಗೇಜಿನ ಲೆಕ್ಕ ನಮ್ಮ ಹುಡುಗರಿಗಿಂತ ಚೆನ್ನಾಗಿ ಗೊತ್ತಿತ್ತು. ಎಷ್ಟನೇ ಮೈಲಿನಲ್ಲಿ ಎಷ್ಟು ಅಡಿ ಇದ್ದರೆ ತಮ್ಮ ತೂಬಿಗೆ ಯಾವ ದಿನ ಬರುತ್ತೆ ಅಂತ ಕೂತಲ್ಲೇ ಹೇಳೋರು.

ಅದಕ್ಕೇ ನನಗೆ ಅವನ ಮೇಲೆ ಭಯ ಬರಲಿಲ್ಲ. ಅವನು ದಡ್ಡನ ಹಾಗೆ ಕಾಣ್ತಾನೆ.

ಕೊನೆಮೈಲು

ಸರ್, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಅರ್ಧ ಪುಸ್ತಕ ಆ ದಂಡೆ ಮೇಲೇ ನಿಂತಿತ್ತು.

ಬಯಲಾಟದ ಮಾಸ್ತರ

ನಿವೃತ್ತ ಸಾಹೇಬರು ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ನಾನು ಕೊಪ್ಪಳದ ಕಡೆ ಬಯಲಾಟ ಕಲಿಸುವವನು. ರಾಕ್ಷಸ ಪಾತ್ರಗಳನ್ನು ಕುಣಿಸಿ ಕುಣಿಸಿ ಒಂದಿಷ್ಟು ಗೊತ್ತಾಗಿದೆ, ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಅಶ್ವತ್ಥಾಮನನ್ನು ತಗೊಳ್ಳಿ. ಅವನಷ್ಟು ನ್ಯಾಯವಾದ ಸಿಟ್ಟು ಯಾರಿಗೂ ಇಲ್ಲ. ಅಪ್ಪ ದ್ರೋಣನಿಗೆ "ನಿನ್ನ ಮಗ ಸತ್ತ" ಅಂತ ಸುಳ್ಳು ನಂಬಿಸಿದರು. ಅದನ್ನು ನಂಬಿಸಿದವನು ಧರ್ಮರಾಯ. ಅಪ್ಪ ಬಿಲ್ಲು ಕೆಳಗಿಟ್ಟು ಕೂತ ಮೇಲೆ ಧೃಷ್ಟದ್ಯುಮ್ನ ಬಂದು ತಲೆ ಕಡಿದ. ಇದು ಹದಿನೈದನೇ ದಿನದ ಯುದ್ಧ. ಇಲ್ಲಿವರೆಗೆ ನೋಡೋ ಜನ ಪೂರ್ತಿ ಅವನ ಪರ.

ಈಗ ಹದಿನೆಂಟನೇ ದಿನದ ರಾತ್ರಿ. ಆಲದ ಮರದ ಕೆಳಗೆ ಮೂವರು ಮಲಗಿದ್ದಾರೆ, ಅಶ್ವತ್ಥಾಮನಿಗೆ ನಿದ್ದೆ ಇಲ್ಲ. ಮೇಲೆ ಕಾಗೆಗಳು ಗೂಡಲ್ಲಿ ಮಲಗಿವೆ. ಒಂದು ಗೂಬೆ ಸದ್ದಿಲ್ಲದೆ ಬಂದು ನಿದ್ದೆಯಲ್ಲೇ ಅವನ್ನು ಕೊಲ್ಲುತ್ತೆ. ಅವನು ನೋಡ್ತಾನೆ, ಕಲೀತಾನೆ. ಕೃಪಾಚಾರ್ಯ ಎದ್ದು "ಬೆಳಗಾಗಲಿ, ಎದುರಿಗೆ ನಿಂತು ಹೋರಾಡೋಣ" ಅಂತ ಬುದ್ಧಿ ಹೇಳ್ತಾನೆ. ಇವನು ಕೇಳಲ್ಲ. ಪಾಂಡವರ ಬಿಡಾರಕ್ಕೆ ಹೋಗಿ ಮಲಗಿದ್ದ ಧೃಷ್ಟದ್ಯುಮ್ನನನ್ನು ಕಾಲಲ್ಲಿ ಒದ್ದು ಎಬ್ಬಿಸ್ತಾನೆ. ಅವನು "ಆಯುಧದಿಂದಾದರೂ ಕೊಲ್ಲು" ಅಂತ ಬೇಡಿಕೊಳ್ತಾನೆ. ಗುರುವನ್ನು ಕೊಂದವನಿಗೆ ಆ ಗತಿಯೂ ಇಲ್ಲ ಅಂತ ಕಾಲಲ್ಲೇ ತುಳಿದು ಕೊಲ್ತಾನೆ. ಆಮೇಲೆ ದ್ರೌಪದಿಯ ಐದು ಮಕ್ಕಳು. ಬಾಗಿಲಲ್ಲಿ ಕೃಪ, ಕೃತವರ್ಮ ನಿಂತು ಓಡಿ ಬಂದವರನ್ನೆಲ್ಲ ಮುಗಿಸ್ತಾರೆ.

ನಮ್ಮೂರಲ್ಲಿ ಈ ಭಾಗ ಬಂದಾಗ ಬೆಳಗಿನ ಜಾವ ಮೂರು ಗಂಟೆ. ಅಳ್ತಿದ್ದ ಕೂಸುಗಳೂ ಸುಮ್ಮನಾಗ್ತವೆ.

ಸೀನ ಅವರೇ, ಇಲ್ಲಿ ಅವನ ನೋವು ಮೊದಲೇ ಬಂದಿದೆ, ಕೇಡು ಆಮೇಲೆ ಬರೋದು. ಆದರೂ ಭಯ ಕಡಿಮೆ ಆಗಲ್ಲ. ಹಾಗಾಗಿ ಬರೀ ಹಿಂದುಮುಂದು ಮಾಡಿದ್ರೆ ಸಾಲಲ್ಲ.

ಭಯ ಎಲ್ಲಿಂದ ಬರುತ್ತೆ ನೋಡಿ. ಅವನಿಗೆ ಆದ ಗಾಯ ಏನು? ಆಯುಧ ಇಲ್ಲದವನನ್ನು ಕೊಂದದ್ದು. ಅವನು ಮಾಡಿದ್ದೇನು? ಆಯುಧ ಇಲ್ಲದವರನ್ನು ಕೊಂದದ್ದು. ಗಾಯವೇ ಅವನಿಗೆ ಪಾಠ ಆಗಿದೆ. ಅದಕ್ಕೇ ಅವನು ಹುಚ್ಚ ಅನ್ನಿಸಲ್ಲ. ನಿಮ್ಮ ಶೇಖರಪ್ಪ ಗ್ಯಾಂಗ್‌ಮನ್‌ಗೆ ಹೊಡೆದದ್ದು ಯಾಕೆ ಸುಳ್ಳು ಅನ್ನಿಸಿತು? ಹೊಡೆಯೋದನ್ನು ಅವನಿಗೆ ಬದುಕು ಕಲಿಸಿಲ್ಲ. ಅವನಿಗೆ ಬದುಕು ಕಲಿಸಿದ್ದೇನು ಅಂತ ನೀವು ನನಗೆ ಹೇಳಿ.

ಸೀನ ಬಳ್ಳಾರಿ

ಮಾಸ್ತರೆ, ಒಪ್ಪಿದೆ. ಆದ್ರೂ ಕೈಯಲ್ಲಿ ಒಂದು ವಸ್ತು ಇರಲಿ.

ಕೊನೆಮೈಲು

ಎರಡು ದಿನ ಯೋಚನೆ ಮಾಡಿದೆ. ನಮ್ಮಪ್ಪನ್ನ ಕೂರಿಸಿಕೊಂಡು ಕೇಳಿದೆ, ಕೊನೆ ಭಾಗದಲ್ಲಿ ಇದ್ದು ಏನು ಕಲಿತಿರಿ ಅಂತ. ಅವರು ಒಂದೇ ಮಾತು ಹೇಳಿದರು: "ಕಾಯೋದು."

ಮುನಿರಾಬಾದಲ್ಲಿ ನೀರಾವರಿ ಸಲಹಾ ಸಮಿತಿ ಸಭೆ ಆಗೋವರೆಗೆ ಕಾಯೋದು. ಡ್ಯಾಂನಿಂದ ಬಿಟ್ಟ ಮೇಲೆ ಕಾಯೋದು. "ನಾಳೆ ಬರುತ್ತೆ" ಅಂತಾರೆ, ನಾಳೆ ಬರಲ್ಲ. ಹತ್ತಿ ಒಂದೇ ದಿನಕ್ಕೆ ಒಣಗಲ್ಲ. ಮಧ್ಯಾಹ್ನ ಎಲೆ ಬಾಡುತ್ತೆ, ಸಂಜೆ ಮತ್ತೆ ಎದ್ದು ನಿಲ್ಲುತ್ತೆ. ಇನ್ನೂ ಜೀವ ಇದೆ ಅನ್ಕೊಂಡು ಮತ್ತೆ ಕಾಯ್ತೀವಿ. ಒಂದು ಸಂಜೆ ಏಳಲ್ಲ.

ಹಾಗಾದ್ರೆ ಶೇಖರಪ್ಪನೂ ಬೇರೆಯವರನ್ನು ಹೀಗೇ ಕಾಯಿಸಬೇಕು. ದಂಡೆ ಒಡೆಯೋದು ಬೇಡ. ಮೇಲ್ಭಾಗದಲ್ಲಿ ಭತ್ತದ ಸಸಿ ಮಡಿ ಹಾಕಿದಾಗ ರಾತ್ರಿ ಹೋಗಿ ಕಳೆನಾಶಕ ಹೊಡೆದು ಬರ್ತಾನೆ. ಮೊದಲ ದಿನ ಏನೂ ಕಾಣಲ್ಲ. ಒಂದೊಂದೇ ದಿನ ಹೋಗ್ತಾ ಮಡಿ ಸಾಯುತ್ತೆ. ಇದು ಸರಿ ಕೂಡುತ್ತಾ?

ಲಕ್ಷ್ಮಿ ಮಾನ್ವಿ

ಇದನ್ನು ಓದಿ ಕೈ ನಡುಗಿತು. ನಮಗೆ ಇದು ಆಗಿದೆ. ಯಾರೂ ಬೇಕು ಅಂತ ಮಾಡಿದ್ದಲ್ಲ. ಬಾಡಿಗೆಗೆ ತಂದ ಸ್ಪ್ರೇ ಪಂಪಿನಲ್ಲಿ ಯಾರೋ ಹಿಂದಿನ ದಿನ ಬದುವಿನ ಕಸಕ್ಕೆ ಹೊಡೆದ ಎಣ್ಣೆ ಉಳಿದಿತ್ತು. ತೊಳೆಯದೆ ನಾವು ಅದರಲ್ಲೇ ಮಡಿಗೆ ಹುಳದ ಔಷಧಿ ಹೊಡೆದ್ವಿ.

ಹೇಗಿರುತ್ತೆ ಅಂತ ಹೇಳ್ತೀನಿ, ಬೇಕಾದ್ರೆ ಬರ್ಕೊಳ್ಳಿ. ಮೂರು ದಿನ ಹಸಿರಾಗೇ ಇತ್ತು. ನಾಲ್ಕೋ ಐದನೇ ದಿನಕ್ಕೆ ಸುಳಿ ಬಿಳಿಚಿಕೊಳ್ತು. ಹಳೇ ಎಲೆ ಅಲ್ಲ, ಹೊಸದಾಗಿ ಬರೋ ಎಲೆ. ನಮ್ಮ ಮಾವ ಜಿಂಕ್ ಕಡಿಮೆ ಆಗಿದೆ ಅಂದ್ರು. ಅಂಗಡಿಯಿಂದ ತಂದು ಹಾಕಿದ್ವಿ. ಎರಡು ದಿನ ನೋಡಿದ್ವಿ. ಪಕ್ಕದವರು ನೀರು ಬದಲಾಯಿಸಿ ಅಂದ್ರು, ಅದನ್ನೂ ಮಾಡಿದ್ವಿ. ಒಂದು ವಾರ ದಾಟಿದ ಮೇಲೆ ಹಿಡಿದು ಎಳೆದರೆ ಸಸಿ ಬೇರು ಸಮೇತ ಸುಮ್ನೆ ಕೈಗೆ ಬರ್ತಿತ್ತು. ಹೋದ ಬೀಜಕ್ಕಿಂತ ಹೋದ ದಿನಗಳೇ ಜಾಸ್ತಿ ನಷ್ಟ.

ನಿಜ ಹೇಳ್ತೀನಿ, ಆ ವಾರ ನನಗೆ ಭಯ ಆಗಿದ್ದು ಬೆಳೆ ಹೋಗಿದ್ದಕ್ಕಲ್ಲ. ಪಂಪಿನ ವಿಷಯ ಇನ್ನೂ ಗೊತ್ತಿರಲಿಲ್ಲ. ಯಾರು ಮಾಡಿರಬಹುದು ಅಂತ ಊರಲ್ಲಿ ಒಬ್ಬೊಬ್ಬರ ಮುಖ ನೋಡ್ತಾ ಇದ್ದೆ.

ನಿವೃತ್ತ ಕಾಲುವೆ

ತಾಯಿ ಹೇಳಿದ್ದು ಸರಿ. ದಿನಗಳ ಲೆಕ್ಕ ಕಥೆಯಲ್ಲಿ ತಪ್ಪಬಾರದು. ಜುಲೈಗೆ ಕಾಲುವೆ ನೀರು ಬಿಡ್ತಾರೆ ಅಂತ ಇಟ್ಟುಕೊಳ್ಳಿ. ಸಸಿ ನಾಟಿಗೆ ಬರೋಕೆ 25ರಿಂದ 30 ದಿನ. ಕಿತ್ತು ಹಚ್ಚೋಕೆ ಒಂದು ವಾರ ಇರುವಾಗ ಮಡಿ ಹೋದರೆ, ಹೊಸ ಬೀಜ ಹಾಕಿ ಮತ್ತೆ ಒಂದು ತಿಂಗಳು. ಅಷ್ಟು ತಡವಾಗಿ ಹಚ್ಚಿದ ಸೋನಾ ಮಸೂರಿ ಹೂವಾಡೋ ಹೊತ್ತಿಗೆ ಚಳಿ ಬರುತ್ತೆ, ತೆನೆಯಲ್ಲಿ ಜಳ್ಳು ಜಾಸ್ತಿ. ಒಂದು ರಾತ್ರಿಯ ಕೆಲಸಕ್ಕೆ ಒಂದು ಹಂಗಾಮು. ದಂಡೆ ಒಡೆದರೂ ಹತ್ತು ದಿನಕ್ಕೆ ನಾವು ಕಟ್ಟಿಬಿಡ್ತೀವಿ. ಇದನ್ನು ಯಾವ ಇಲಾಖೆಯೂ ಕಟ್ಟಿಕೊಡಲ್ಲ.

ಇನ್ನೊಂದು ವಿಷಯ. ಮೇಲ್ಭಾಗದಲ್ಲಿ ಹೊಲದ ಮಾಲೀಕ ಊರಲ್ಲಿ ಇರೋದೇ ಕಡಿಮೆ. ಅವನು ಪೇಟೆಯಲ್ಲಿರ್ತಾನೆ, ಉಳೋರು ಲೀಸಿನವರು. ಎಕರೆಗೆ ಇಷ್ಟು ಚೀಲ ಅಂತ ಮಾತಾಗಿರುತ್ತೆ, ಬೆಳೆ ಬರಲಿ ಬಿಡಲಿ ಕೊಡಬೇಕು. ಪಂಪ್‌ಸೆಟ್ ಮಾಲೀಕನದು, ಸಸಿ ಲೀಸಿನವರದು. ನಿಮ್ಮ ಮನುಷ್ಯ ಯಾರಿಗೆ ಹೊಡೀತಾನೆ ಅಂತ ನೋಡಿಕೊಳ್ಳಿ.

ಕೊನೆಮೈಲು

ಸರ್, ಇದು ಕೈಗೆ ಸಿಕ್ಕಿದ ಹಾಗಾಯ್ತು. ಲೀಸಿನವರಿಗೇ ಹೊಡೀತಾನೆ. ಗೊತ್ತಿದ್ದೂ ಹೊಡೀತಾನೆ. ಅವನ ಲೆಕ್ಕ ಹೀಗೆ: ಮಾಲೀಕನಿಗೆ ಹೊಡೆದರೆ ಒಬ್ಬ ಪಂಪು ಬಂದ್ ಮಾಡ್ತಾನೆ, ಆಮೇಲೆ ಪೊಲೀಸರ ಹತ್ತಿರ ಹೋಗ್ತಾನೆ. ಲೀಸಿನವರು ಹೆದರಿದರೆ ಆ ಕಾಲುವೆ ಪಕ್ಕದ ಹೊಲ ಮಾಡೋಕೆ ಯಾರೂ ಬರಲ್ಲ.

ಬಯಲಾಟದ ಮಾಸ್ತರ

ಈಗ ನನಗೂ ಸ್ವಲ್ಪ ಚಳಿ ಹತ್ತಿತು.

ನೋಡಿ, ಅವನ ಉದ್ದೇಶ ಹಾಗೇ ಇದೆ. ನೀರು ಬರಬೇಕು, ಅಷ್ಟೇ. ಆದರೆ ಈಗ ಓದೋರು ಅವನ ಪರ ಮಾತಾಡಬೇಕು ಅಂದ್ರೆ ಆ ಲೀಸಿನವರ ಮುಖ ನೋಡಿ ಮಾತಾಡಬೇಕು. ಮೊದಲು ಅವನ ಎದುರಿಗೆ ಇದ್ದದ್ದು ಕಾಲುವೆ. ಕಾಲುವೆಗೆ ಮುಖ ಇರಲಿಲ್ಲ. ಅದಕ್ಕೇ ನಿಮ್ಮ ಚಿಕ್ಕಪ್ಪ ಒಡೀಲಿ ಬಿಡು ಅಂದದ್ದು. ದ್ರೌಪದಿಯ ಮಕ್ಕಳನ್ನು ತೆಗೆದುಹಾಕಿ ಬರೀ ಧೃಷ್ಟದ್ಯುಮ್ನನನ್ನು ಕೊಂದಿದ್ದರೆ ನಮ್ಮ ಜನ ಅಶ್ವತ್ಥಾಮನಿಗೆ ಸಿಳ್ಳೆ ಹೊಡೀತಿದ್ದರು.

ಆ ಲೀಸಿನವರಿಗೆ ಹೆಸರು ಕೊಡಿ. ಅವರನ್ನು ಮೂರ್ನಾಲ್ಕು ಅಧ್ಯಾಯ ಮೊದಲೇ ತನ್ನಿ. ಓದೋರು ಅವರ ಮನೆಯಲ್ಲಿ ಒಂದು ಲೋಟ ಚಹಾ ಕುಡಿದಿರಬೇಕು.

ಮತ್ತೆ, ಶೇಖರಪ್ಪ ಮೊದಲೇ ತಿಳಿಸಿ ಮಾಡಲಿ. ಇಂಥ ದಿನದೊಳಗೆ ಪಂಪು ತೆಗೀಬೇಕು ಅಂತ ಚೀಟಿ ಕಳಿಸಲಿ. ಹೇಳಿದ್ದನ್ನು ಮಾಡುವವನಿಗೆ ಜನ ಹೆದರ್ತಾರೆ.

ಲಕ್ಷ್ಮಿ ಮಾನ್ವಿ

ಮಾಸ್ತರೆ, ಅಲ್ಲಿ ನಾನು ಒಪ್ಪಲ್ಲ. ಚೀಟಿ ಬಂದ್ರೆ ಯಾರು ಅಂತ ಗೊತ್ತಾಗುತ್ತೆ. ಗೊತ್ತಾದ್ರೆ ಸಿಟ್ಟು ಬರುತ್ತೆ, ಭಯ ಹೋಗುತ್ತೆ. ನನಗೆ ಗೊತ್ತಿಲ್ಲದೆ ಇದ್ದದ್ದೇ ನಿದ್ದೆ ಕೆಡಿಸಿದ್ದು.

ಬಯಲಾಟದ ಮಾಸ್ತರ

ಅಮ್ಮಾ, ಯಾರು ಅಂತ ಗೊತ್ತಿಲ್ಲದ ಕೇಡು ಹುಳು, ಮಳೆ, ದೆವ್ವದ ಹಾಗೆ. ಅದಕ್ಕೆ ಉದ್ದೇಶ ಕಾಣಲ್ಲ. ಇವರಿಗೆ ಉದ್ದೇಶವೂ ಕಾಣಬೇಕಲ್ಲ.

ಗಂಗಾವತಿ ಭತ್ತ

ನಾನು ಹೇಳ್ಲಾ? ನಾನು ಮೇಲ್ಭಾಗದವನು. ಹೌದು, ನನ್ನದೂ ಪಂಪ್ ಇದೆ, ಬಿಡಿ. ಅಂಥ ಚೀಟಿ ನನಗೆ ಬಂದ್ರೆ ನಾನು ಪಂಪ್ ಬಂದ್ ಮಾಡಲ್ಲ. ನಗ್ತೀನಿ. ಆಮೇಲೆ ರಾತ್ರಿ ಇಬ್ಬರು ಹುಡುಗರನ್ನ ಬ್ಯಾಟರಿ ಕೊಟ್ಟು ಮಡಿ ಹತ್ತಿರ ಮಲಗಿಸ್ತೀನಿ. ಬಂದ್ರೆ ಕಾಲು ಮುರೀತೀವಿ. ನಿಮ್ಮ ಶೇಖರಪ್ಪ ಮುಗಿದ.

ಕೊನೆಮೈಲು

ಎಷ್ಟು ದಿನ ಮಲಗಿಸ್ತೀರಿ ಅಣ್ಣಾ?

ಗಂಗಾವತಿ ಭತ್ತ

ಮೂರು ದಿನ. ನಾಲ್ಕು.

ಕೊನೆಮೈಲು

ಆಮೇಲೆ?

ಗಂಗಾವತಿ ಭತ್ತ

ಆಮೇಲೆ ಹುಡುಗರಿಗೆ ಕೂಲಿ ಯಾರು ಕೊಡ್ತಾರೆ? ಸೊಳ್ಳೆ ಬೇರೆ. ಮನೆಗೆ ಹೋಗ್ತಾರೆ.

...ಓ. ಅರ್ಥ ಆಯ್ತು. ಯಪ್ಪಾ.

ನಿವೃತ್ತ ಕಾಲುವೆ

ಇವನಿಗೆ ಕಾಯೋದು ಗೊತ್ತಲ್ಲ.

ಸೀನ ಬಳ್ಳಾರಿ

ಇದು ಸೂಪರ್. ಒಂದು ಐಡಿಯಾ. 2024ರ ಆಗಸ್ಟ್‌ನಲ್ಲಿ ಡ್ಯಾಂನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಕೊಂಡು ಹೋಯ್ತಲ್ಲ, ಕಥೇನ ಆ ವರ್ಷಕ್ಕೇ ಇಡಿ. ಕ್ಲೈಮ್ಯಾಕ್ಸ್‌ಗೆ ಡ್ಯಾಂ ಖಾಲಿ ಆಗ್ತಾ ಇರುತ್ತೆ, ಎಲ್ಲರೂ ಗಾಬರಿ, ಅದರ ಮಧ್ಯ ಶೇಖರಪ್ಪ!

ಬಯಲಾಟದ ಮಾಸ್ತರ

ಬೇಡ. ಡ್ಯಾಂ ಗೇಟು ಹೋದರೆ ಎಲ್ಲರೂ ಗೇಟಿಗೆ ಹೆದರ್ತಾರೆ, ಶೇಖರಪ್ಪನನ್ನು ಯಾರು ನೋಡ್ತಾರೆ? ಅದೂ ಅಲ್ಲದೆ ಆಗ ಮೇಲಿನವರು, ಕೆಳಗಿನವರು ಎಲ್ಲ ಒಂದೇ ಸಂಕಟದಲ್ಲಿ ಇರ್ತಾರೆ. ಅವನ ಜಗಳಕ್ಕೆ ಜಾಗವೇ ಉಳಿಯಲ್ಲ. ಮಳೆ ಚೆನ್ನಾಗಿ ಆಗಿ, ಡ್ಯಾಂ ತುಂಬಿ, ಆದರೂ ಕೊನೆಗೆ ನೀರು ಬರದ ವರ್ಷ ಇಡಿ. ಆಗ ನೋವು ಜಾಸ್ತಿ.

ನಿವೃತ್ತ ಕಾಲುವೆ

ಸೇರಿಸೋದಾದರೆ ಹೂಳಿನ ವಿಷಯ ಒಂದು ಮಾತಲ್ಲಿ ಸೇರಿಸಿ. 133 ಟಿಎಂಸಿ ಹಿಡಿಯಲಿ ಅಂತ ಕಟ್ಟಿದ ಡ್ಯಾಂ, ಈಗ ಹಿಡಿಯೋದು ಸುಮಾರು 105. ತುಂಬಿದೆ ಅಂದರೂ ಹಳೇ ತುಂಬು ಅಲ್ಲ. ಜೊತೆಗೆ ಈ ಕಾಲುವೆ ಮಾಡಿದ್ದೇ ಹೆಚ್ಚು ಜಮೀನಿಗೆ ಸ್ವಲ್ಪ ಸ್ವಲ್ಪ ನೀರು ಅಂತ, ಜೋಳ ಹತ್ತಿಗೆ. ಭತ್ತಕ್ಕೆ ಇಟ್ಟದ್ದು ಸಣ್ಣ ಪಾಲು. ಶೇಖರಪ್ಪನ ಹತ್ತಿರ ಹಳೇ ಕಾಗದ ಇದ್ದರೆ ಅವನ ವಾದದಲ್ಲಿ ಒಂದು ಅಕ್ಷರವೂ ಸುಳ್ಳಿರಲ್ಲ.

ಗಂಗಾವತಿ ಭತ್ತ

ಅದು ಸರಿ. ಆದರೆ ಒಂದು ವಿನಂತಿ. ಮಾಲೀಕನನ್ನೋ ಲೀಸಿನವರನ್ನೋ ಕ್ಯಾಂಪಿನವರು ಅಂತ ಮಾಡಬೇಡಿ. ಆಂಧ್ರದಿಂದ ಬಂದವರು ವರ್ಸಸ್ ನಾವು ಅಂತ ಆಗಿಬಿಡುತ್ತೆ. ಆಮೇಲೆ ಯಾರೂ ಶೇಖರಪ್ಪನನ್ನು ನೋಡಲ್ಲ.

ಕೊನೆಮೈಲು

ಖಂಡಿತ ಅಣ್ಣಾ. ಎಲ್ಲರೂ ಇಲ್ಲಿನವರೇ. ಲೀಸು ಮಾಡೋಳ ಹೆಸರು ಹುಲಿಗೆಮ್ಮ. ಗಂಡ ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾನೆ. ಮೂರು ಎಕರೆ. ಶೇಖರಪ್ಪ ಅವಳ ತವರೂರಿನವನು, ಅಣ್ಣಾ ಅಂತ ಕರೀತಾಳೆ.

ಸೀನ್ ಬರೆದಿದ್ದೀನಿ. ಚೀಟಿ ಹೋಗಿರೋದು ಮಾಲೀಕನಿಗೆ, ಅವನು ಹರಿದು ಬಿಸಾಕಿದ್ದಾನೆ. ಹುಲಿಗೆಮ್ಮಗೆ ಚೀಟಿ ವಿಷಯ ಗೊತ್ತು, ಕಳಿಸಿದವನು ಯಾರು ಅಂತ ಗೊತ್ತಿಲ್ಲ. ಮಾಸ್ತರು ಹೇಳಿದ್ದೂ ಆಯ್ತು, ಲಕ್ಷ್ಮಕ್ಕ ಹೇಳಿದ್ದೂ ಆಯ್ತು. ಕಾವಲು ನಾಲ್ಕು ರಾತ್ರಿ ಇತ್ತು. ಅವನು ಹೋಗಿದ್ದು ಹನ್ನೊಂದನೇ ರಾತ್ರಿ. ಹೊಡೆಯೋದನ್ನು ನಾನು ತೋರಿಸಿಲ್ಲ. ಇದು ಐದು ದಿನ ಆದ ಮೇಲೆ:

> ಶೇಖರಪ್ಪ ಬದುವಿನ ಮೇಲೆ ಸೈಕಲ್ ನಿಲ್ಲಿಸಿದ. ಹುಲಿಗೆಮ್ಮ ಮಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.
>
> "ಬಾ ಅಣ್ಣಾ. ಮಜ್ಜಿಗೆ ಕುಡೀತೀಯಾ?"
>
> "ಕೊಡವ್ವ."
>
> ಅವಳು ಬುತ್ತಿಯ ಗಂಟಿನಿಂದ ಸ್ಟೀಲ್ ಲೋಟ ತೆಗೆದು, ಸೆರಗಿನಲ್ಲಿ ಒರೆಸಿ, ತುಂಬಿ ಕೊಟ್ಟಳು. ಅವನು ನಿಂತೇ ಕುಡಿದ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು.
>
> "ಸಸಿ ಯಾಕೋ ಬೆಳ್ಳಗಾಗ್ಯಾವ ನೋಡು. ಸುಳಿ ಅಷ್ಟೇ. ಜಿಂಕ್ ಹಾಕು ಅಂತಾರ. ಅಂಗಡಿಯವ ಇನ್ನು ಉದ್ದರಿ ಕೊಡಲ್ಲ ಅಂದ. ಕಿವಿಯೋಲೆ ಕೊಟ್ಟು ತರಲಾ ಅಂತ ನೋಡ್ತಾ ಇದ್ದೀನಿ."
>
> ಶೇಖರಪ್ಪ ಕೆಳಗೆ ಬಾಗಿದ. ಒಂದು ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. ಎಳೆಯಲಿಲ್ಲ.
>
> "ಓಲೆ ಮಾರಬೇಡ," ಅಂದ. "ಜಿಂಕ್‌ಗೆ ದುಡ್ಡು ದಂಡ ಮಾಡಬೇಡವ್ವ."
>
> "ಯಾಕಣ್ಣಾ?"
>
> ಅವನು ಲೋಟವನ್ನು ಕಾಲುವೆ ನೀರಲ್ಲಿ ತೊಳೆದ. ಒಳಗೆ, ಹೊರಗೆ, ತಳ. ಬಗ್ಗಿಸಿ ನೀರು ಬಸಿಯೋವರೆಗೆ ಹಿಡಿದುಕೊಂಡಿದ್ದು ಅವಳ ಕೈಗೆ ಕೊಟ್ಟ.
>
> "ಮಾಲೀಕನಿಗೆ ಹೇಳು. ಪಂಪು ತೆಗೀಲಿ."
>
> ಹುಲಿಗೆಮ್ಮ ಲೋಟ ಹಿಡಿದುಕೊಂಡು ಅವನ ಮುಖ ನೋಡಿದಳು. ಅವನು ಸೈಕಲ್ ಹತ್ತುವಾಗ ಅವನ ಕಣ್ಣಲ್ಲಿ ಒಂದು ಹನಿ ನೀರು ಇತ್ತು.

ಸೀನ ಬಳ್ಳಾರಿ

ಲೋಟ! ನಾನು ಹೇಳಿದ ವಸ್ತು ಬಂತು.

ಲಕ್ಷ್ಮಿ ಮಾನ್ವಿ

ಜಿಂಕ್ ಅಂದ ಕೂಡಲೇ ನನಗೆ ಮುಂದೆ ಓದೋಕೆ ಆಗಲಿಲ್ಲ. ಅವನು ಅವಳಿಗೆ ಒಳ್ಳೇದೇ ಹೇಳ್ತಾ ಇದ್ದಾನೆ, ಅದೇ ಭಯ.

ಆದ್ರೆ ಕೊನೇ ಸಾಲು ತೆಗೀರಿ. ಆ ಕಣ್ಣೀರು. ಅದು ನಮಗೋಸ್ಕರ ಹಾಕಿದ್ದು. ಅವನು ಕೆಟ್ಟವನಲ್ಲ ಅಂತ ನೀವು ಬಂದು ಕಿವಿಯಲ್ಲಿ ಹೇಳಿದ ಹಾಗಿದೆ. ಓಲೆ ಮಾರಬೇಡ ಅಂದಾಗಲೇ ಅದು ಗೊತ್ತಾಯ್ತು.

ಬಯಲಾಟದ ಮಾಸ್ತರ

ಹೌದು, ತೆಗೀರಿ. ಲೋಟ ತೊಳೆದದ್ದು ಸಾಕು.

ಕೊನೆಮೈಲು

ತೆಗೆದೆ. ತಮ್ಮನ ಸಾವು ಏನು ಮಾಡ್ಲಿ? ಈಗ ಮೂರನೇ ಅಧ್ಯಾಯದಲ್ಲಿ ಇದೆ.

ಲಕ್ಷ್ಮಿ ಮಾನ್ವಿ

ಅದೂ ತೆಗೀರಿ ಅಂತೀನಿ. ರೈತ ಅಂದ್ರೆ ವಿಷ ಅನ್ನೋದು ಎಲ್ಲರೂ ಬರೀತಾರೆ. ಅದು ಬಂದ ತಕ್ಷಣ ಅವನು ಮಾಡಿದ್ದಕ್ಕೆಲ್ಲ ಒಂದು ರಸೀದಿ ಸಿಕ್ಕ ಹಾಗೆ ಆಗುತ್ತೆ. ಇಪ್ಪತ್ತು ವರ್ಷದ ಅರ್ಜಿಗಳ ಸ್ವೀಕೃತಿ ಚೀಟಿ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಕೊಂಡಿದ್ದಾನೆ ಅಂದ್ರೆ ನನಗೆ ಸಾಕು. ಯಾರೂ ಸಾಯದೇ ಇದ್ರೂ ಮನುಷ್ಯ ಹೀಗಾಗ್ತಾನೆ.

ಬಯಲಾಟದ ಮಾಸ್ತರ

ನಾನು ಬೇರೆ ಹೇಳ್ತೀನಿ. ಸಾವು ಇರಲಿ, ಅವನ ಬಾಯಲ್ಲಿ ಮಾತ್ರ ಬೇಡ. ಊರಿನವರು ಯಾರೋ ಒಮ್ಮೆ ಹೇಳಿ ಬಿಡಲಿ. ಅಪ್ಪನ ಸಾವು ಇಲ್ಲದೆ ಅಶ್ವತ್ಥಾಮ ಇಲ್ಲ. ಪ್ಲಾಸ್ಟಿಕ್ ಕವರ್ ನೋಡಿ ಯಾರು ಒಂದು ಹಂಗಾಮು ಸುಡ್ತಾರೆ?

ಲಕ್ಷ್ಮಿ ಮಾನ್ವಿ

ಮಾಸ್ತರೆ, ನೀವು ಕಚೇರಿಗೆ ಇಪ್ಪತ್ತು ವರ್ಷ ಅಲೆದಿಲ್ಲ ಅನ್ಸುತ್ತೆ.

ನಿವೃತ್ತ ಕಾಲುವೆ

ಆ ಕವರ್ ನಾನು ನೋಡಿದ್ದೀನಿ. ಇಷ್ಟೇ ಹೇಳ್ತೀನಿ.

ಕೊನೆಮೈಲು

ಇದನ್ನು ಇನ್ನೂ ತೀರ್ಮಾನ ಮಾಡಿಲ್ಲ. ಎರಡೂ ತರ ಬರೆದು ನೋಡ್ತೀನಿ. ಆ ಆರು ಜನಕ್ಕೆ ಮತ್ತೆ ಕೊಟ್ಟೆ. ಈ ಸಲ "ಭಯ ಆಯ್ತಾ" ಅಂತ ಕೇಳಲಿಲ್ಲ, ಆ ಪ್ರಶ್ನೆಗೆ ಎಲ್ಲರೂ ಮರ್ಯಾದೆಗೆ ಹೂಂ ಅಂತಾರೆ. "ಅವನ ಚೀಟಿ ನಿಮಗೆ ಬಂದಿದ್ರೆ ಏನು ಮಾಡ್ತಿದ್ರಿ" ಅಂತ ಕೇಳಿದೆ. ನಾಲ್ಕು ಜನ ಪಂಪು ತೆಗೀತಿದ್ದೆ ಅಂದ್ರು. ಒಬ್ಬರು ಊರೇ ಬಿಡ್ತಿದ್ದೆ ಅಂದ್ರು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಅವನು ಹೇಳೋದರಲ್ಲಿ ತಪ್ಪಿಲ್ಲ, ಆದರೆ ಅವನನ್ನ ಮನೆ ಒಳಗೆ ಕರೀಬೇಡ" ಅಂದ್ರು.

ಸೀನ ಬಳ್ಳಾರಿ

ಹೀರೋ ಇಂಜಿನಿಯರ್ ಏನು ಮಾಡ್ತಾ ಇದ್ದಾನೆ?

ಕೊನೆಮೈಲು

ಅವನ ಕಥೆ ಕೇಳಬೇಡಿ. ಶೇಖರಪ್ಪನ ವಾದಕ್ಕೆ ಅವನ ಹತ್ತಿರ ಉತ್ತರ ಇಲ್ಲ. ನನ್ನ ಹತ್ತಿರಾನೂ ಇಲ್ಲ.

ನಿವೃತ್ತ ಕಾಲುವೆ

ನನ್ನ ಹತ್ತಿರವೂ ಇರಲಿಲ್ಲ. ಅವನಿಗೆ ಉತ್ತರ ಕೊಡಿಸಬೇಡಿ. ತನ್ನ ಭಾಗದ ತೂಬು ಒಂದನ್ನು ಸರಿಯಾದ ದಿನ, ಸರಿಯಾದ ಗೇಜಿಗೆ ತೆಗೆಸಲಿ. ಅದೇ ದೊಡ್ಡ ಕೆಲಸ. ಅದಕ್ಕೂ ಅವನ ವರ್ಗಾವಣೆ ಆಗಬಹುದು.

ಗಂಗಾವತಿ ಭತ್ತ

ನನಗೆ ಒಂದೇ ಪ್ರಶ್ನೆ. ಆ ಹುಲಿಗೆಮ್ಮನ ಲೀಸಿನ ಚೀಲ ಯಾರು ಕೊಡ್ತಾರೆ? ಹಂಗಾಮು ಹೋಯ್ತಲ್ಲ ಅವಳದು.

ಕೊನೆಮೈಲು

ಮುಂದಿನ ಅಧ್ಯಾಯ ಅದೇ ಅಣ್ಣಾ. ಶೇಖರಪ್ಪನೇ ಜೋಳ ಮಾರಿದ ದುಡ್ಡು ತಗೊಂಡು ರಾತ್ರಿ ಅವಳ ಮನೆಗೆ ಹೋಗ್ತಾನೆ. ಅವಳು ತಗೋತಾಳಾ ಇಲ್ವಾ ಅಂತ ಇನ್ನೂ ಬರೆದಿಲ್ಲ.

ಗಂಗಾವತಿ ಭತ್ತ

ತಗೊಳ್ಳಲಿ ಬಿಡ್ರಿ, ಪಾಪ. ಅವಳದೇನು ತಪ್ಪು?

ಲಕ್ಷ್ಮಿ ಮಾನ್ವಿ

ತಗೊಂಡ್ರೆ ಮುಂದಿನ ಚೀಟಿ ಅವಳ ಕೈಯಲ್ಲೇ ಕಳಿಸ್ತಾನೆ.